ನೆಟ್ ಪ್ಯಾಕ್ ಇದ್ದರೂ ವಾಟ್ಸಾಪ್ ಹೋಗುತ್ತಿಲ್ಲವೇ? ಡೇಟಾ ಯಾವ ಸಿಮ್‌ನಲ್ಲಿದೆ ನೋಡಿ



ಕೊಟ್ಟಿಗೆಯಿಂದಲೇ ಹಸುವಿನ ಫೋಟೊ ತೆಗೆದು ಪಶುವೈದ್ಯರಿಗೆ ಕಳಿಸುವುದು ಈಗ ನಿಮ್ಮಲ್ಲಿ ಅನೇಕರಿಗೆ ರೂಢಿಯಾಗಿದೆ. ಊದಿಕೊಂಡ ಕೆಚ್ಚಲು, ನೀರಾದ ಸಗಣಿ, ಬೆದೆಗೆ ಬಂದ ಹಸುವಿನ ಲೋಳೆ, ಬೀಳದೆ ಉಳಿದ ಮಾಸು, ಇವನ್ನು ಮಾತಿನಲ್ಲಿ ಹೇಳುವುದಕ್ಕಿಂತ ಫೋಟೊದಲ್ಲಿ ತೋರಿಸುವುದು ಸುಲಭ. ನೋಡಿದ ವೈದ್ಯರಿಗೂ ಯಾವ ಔಷಧಿ ತೆಗೆದುಕೊಂಡು ಹೊರಡಬೇಕು, ಎಷ್ಟು ಬೇಗ ಹೊರಡಬೇಕು ಎನ್ನುವುದು ತಿಳಿಯುತ್ತದೆ.

ಆದರೆ ಹಳ್ಳಿಗೆ ಹೋದಾಗ ಒಂದು ಮಾತು ಮತ್ತೆ ಮತ್ತೆ ಕೇಳುತ್ತೇನೆ. "ಡಾಕ್ಟ್ರೇ, ಬೆಳಿಗ್ಗೆನೇ ಫೋಟೊ ಹಾಕಿದ್ನಲ್ಲ, ನೀವು ನೋಡ್ಲೇ ಇಲ್ಲ." ಫೋನು ಈಸಿಕೊಂಡು ನೋಡಿದರೆ ಫೋಟೊ ಆ ಫೋನಿನಿಂದ ಹೊರಗೇ ಹೋಗಿರುವುದಿಲ್ಲ. ಕರೆನ್ಸಿ ಹಾಕಿಸಿ ನಾಲ್ಕು ದಿನವೂ ಆಗಿರುವುದಿಲ್ಲ, ಟವರ್ ಕೂಡ ಚೆನ್ನಾಗಿಯೇ ಇರುತ್ತದೆ. ಹೀಗಾಗುವುದಕ್ಕೆ ಹಲವು ಕಾರಣಗಳಿವೆ. ಅವುಗಳಲ್ಲಿ ಎರಡು ಸಿಮ್ ಇರುವ ಫೋನುಗಳಲ್ಲಿ ಪದೇ ಪದೇ ಕಾಣುವುದು ಒಂದು: ನೆಟ್ ಪ್ಯಾಕ್ ಇರುವುದು ಒಂದು ಸಿಮ್‌ನಲ್ಲಿ, ಫೋನು ನೆಟ್ ಹುಡುಕುತ್ತಿರುವುದು ಇನ್ನೊಂದು ಸಿಮ್‌ನಲ್ಲಿ. ಇದನ್ನು ಗುರುತಿಸುವುದು ಹೇಗೆ, ಸರಿಪಡಿಸುವುದು ಹೇಗೆ ಎನ್ನುವುದನ್ನು ಈ ಲೇಖನದಲ್ಲಿ ನೋಡೋಣ. ಖರ್ಚಿಲ್ಲ, ಅಂಗಡಿಗೆ ಹೋಗಬೇಕಾಗಿಲ್ಲ, ಒಂದು ನಿಮಿಷದ ಕೆಲಸ.

ಎರಡು ಸಿಮ್, ಆದರೆ ನೆಟ್‌ಗೆ ಒಂದೇ

ಫೋನಿನಲ್ಲಿ ಎರಡು ಸಿಮ್ ಹಾಕಿದರೆ ಎರಡೂ ನಂಬರಿಗೆ ಕರೆ ಬರುತ್ತದೆ, ಎರಡೂ ನಂಬರಿಗೆ ಮೆಸೇಜ್ ಬರುತ್ತದೆ. ಹಾಗಾಗಿ ನೆಟ್ ಕೂಡ ಎರಡರಿಂದಲೂ ಬರುತ್ತದೆ, ಒಂದರಲ್ಲಿ ಇಲ್ಲದಿದ್ದರೆ ಫೋನು ತಾನಾಗಿಯೇ ಇನ್ನೊಂದರಿಂದ ತೆಗೆದುಕೊಳ್ಳುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಅದು ಹಾಗಲ್ಲ. ಮೊಬೈಲ್ ಡೇಟಾ, ಅಂದರೆ ನಾವು ನೆಟ್ ಎನ್ನುವುದು, ಒಂದು ಹೊತ್ತಿಗೆ ಒಂದೇ ಸಿಮ್‌ನಿಂದ ಬರುತ್ತದೆ. ಆ ಸಿಮ್ ಯಾವುದು ಎಂದು ಫೋನಿನ ಸೆಟ್ಟಿಂಗ್‌ನಲ್ಲಿ ಆರಿಸಿ ಇಟ್ಟಿರುತ್ತದೆ. ಆರಿಸಿದ ಸಿಮ್‌ನಲ್ಲಿ ಪ್ಯಾಕ್ ಇಲ್ಲದಿದ್ದರೆ, ಪಕ್ಕದ ಸಿಮ್‌ನಲ್ಲಿ ದಿನಕ್ಕೆ 2 ಜಿಬಿ ಇದ್ದರೂ ಫೋನು ಅದನ್ನು ಮುಟ್ಟುವುದಿಲ್ಲ.

ಎರಡು ನಲ್ಲಿಗೆ ಒಂದೇ ಪೈಪು ಇದ್ದ ಹಾಗೆ ಇದು. ಪೈಪನ್ನು ಯಾವ ನಲ್ಲಿಗೆ ಸಿಕ್ಕಿಸಿದ್ದೀರೋ ಆ ನಲ್ಲಿಯ ನೀರು ಮಾತ್ರ ಬಾನಿಗೆ ಬೀಳುತ್ತದೆ. ನೀರಿಲ್ಲದ ನಲ್ಲಿಗೆ ಸಿಕ್ಕಿಸಿ ಎಷ್ಟು ಹೊತ್ತು ಕಾದರೂ ಬಾನಿ ತುಂಬುವುದಿಲ್ಲ.

ಡೇಟಾ ತಪ್ಪು ಸಿಮ್‌ಗೆ ಹೋಗುವುದು ಹೇಗೆ?

"ನಾನು ಸೆಟ್ಟಿಂಗ್ ಮುಟ್ಟೇ ಇಲ್ಲ" ಎನ್ನುತ್ತೀರಿ. ಅದು ನಿಜವೇ ಇರಬಹುದು. ನಾವು ಮುಟ್ಟದಿದ್ದರೂ ಇದು ಬದಲಾಗುವ ಸಂದರ್ಭಗಳಿವೆ.

ಮೊದಲನೆಯದು, ಸಿಮ್ ತೆಗೆದು ಹಾಕಿದಾಗ. ಫೋನು ನೀರಿಗೆ ಬಿತ್ತು, ರಿಪೇರಿಗೆ ಕೊಟ್ಟಿರಿ, ಅಥವಾ ಹೊಸ ಸಿಮ್ ಹಾಕಿಸಿದಿರಿ ಎನ್ನಿ. ಆಗ ಒಂದು ಸಿಮ್ ಸರಿಯಾಗಿ ಕೂರದೆ ಇನ್ನೊಂದೇ ಸಿಮ್‌ನಲ್ಲಿ ಫೋನು ಆನ್ ಆದರೆ, ಇರುವ ಆ ಒಂದು ಸಿಮ್‌ಗೇ ಫೋನು ಡೇಟಾ ಕೊಟ್ಟುಬಿಡುತ್ತದೆ. ಆಮೇಲೆ ಮೊದಲಿನ ಸಿಮ್ ಸರಿಯಾಗಿ ಕೂರಿಸಿದರೂ ಡೇಟಾ ಹಳೆಯ ಜಾಗಕ್ಕೆ ತಾನಾಗಿ ಮರಳದಿರಬಹುದು.

ಎರಡನೆಯದು, ಹೊಸ ಸಿಮ್ ಹಾಕಿದಾಗ ಫೋನು ಕೇಳುವ ಪ್ರಶ್ನೆ. ಕರೆಗೆ ಯಾವುದು, ಡೇಟಾಗೆ ಯಾವುದು ಎಂದು ಪರದೆಯ ಮೇಲೆ ಕೇಳುತ್ತದೆ. ಅದು ಇಂಗ್ಲಿಷಿನಲ್ಲಿದ್ದರೆ ನಾವು ಓದದೆ ಕೈಗೆ ಸಿಕ್ಕಿದ್ದನ್ನು ಒತ್ತಿ ಮುಂದೆ ಹೋಗಿರುತ್ತೇವೆ.

ಮೂರನೆಯದು, ಡೇಟಾವನ್ನು ಫೋನು ತಾನಾಗಿ ಬದಲಿಸುವ ಸೌಲಭ್ಯ. ಒಂದು ಸಿಮ್‌ನ ಟವರ್ ಕಡಿಮೆಯಾದಾಗ ಇನ್ನೊಂದು ಸಿಮ್‌ಗೆ ಹೋಗುವ ಏರ್ಪಾಡು ಕೆಲವು ಫೋನುಗಳಲ್ಲಿದೆ. ಇಲ್ಲಿ ಒಂದು ತೊಡಕಿದೆ. ಫೋನಿಗೆ ಸಿಗ್ನಲ್ ಕಾಣುತ್ತದೆಯೇ ಹೊರತು, ಆ ಸಿಮ್‌ನಲ್ಲಿ ನೀವು ನೆಟ್ ಪ್ಯಾಕ್ ಹಾಕಿಸಿದ್ದೀರೋ ಇಲ್ಲವೋ ಅದಕ್ಕೆ ಗೊತ್ತಾಗದಿರಬಹುದು. ಶೀಟಿನ ಕೊಟ್ಟಿಗೆಯೊಳಗೆ ಒಂದು ಕಂಪನಿಯ ಟವರ್ ಕುಂದಿದರೆ, ಪ್ಯಾಕ್ ಇಲ್ಲದ ಸಿಮ್‌ಗೆ ಹೋಗಿ ನಿಲ್ಲಬಹುದು.

ಇನ್ನೊಂದು ವಿಷಯ ಇತ್ತೀಚೆಗೆ ಸೇರಿಕೊಂಡಿದೆ. ಬ್ಯಾಂಕಿಗೆ ಕೊಟ್ಟ ಹಳೆಯ ನಂಬರನ್ನು ಜೀವಂತ ಇಡಲು ಮಾತ್ರ ಕರೆನ್ಸಿ ಹಾಕಿಸುವವರು ನಮ್ಮಲ್ಲಿ ಬಹಳ. ಮೊದಲು ಇಂಥ ನಂಬರಿಗೂ ಸಾಮಾನ್ಯವಾಗಿ ನೆಟ್ ಸೇರಿದ ಪ್ಯಾಕನ್ನೇ ಹಾಕಿಸಬೇಕಾಗುತ್ತಿತ್ತು. 2024ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ನಿಯಮ ತಿದ್ದಿ, ಕರೆ ಮತ್ತು ಮೆಸೇಜಿಗೆ ಮಾತ್ರವಾಗುವ ಪ್ಯಾಕ್ ಕೂಡ ಕೊಡಬೇಕು ಎಂದು ಕಂಪನಿಗಳಿಗೆ ಹೇಳಿತು. 2025ರಿಂದ ಅಂಥ ಪ್ಯಾಕುಗಳು ಸಿಗುತ್ತಿವೆ. ಬ್ಯಾಂಕಿನ ಒಟಿಪಿ ಬಂದರೆ ಸಾಕು ಎನ್ನುವ ನಂಬರಿಗೆ ಇದು ಒಳ್ಳೆಯದೇ. ಆದರೆ ಈ ಪ್ಯಾಕಿನಲ್ಲಿ ನೆಟ್ ಇರುವುದಿಲ್ಲ. ಫೋನಿನ ಡೇಟಾ ಈ ಸಿಮ್‌ಗೆ ತಿರುಗಿಕೊಂಡಿದ್ದರೆ ಕರೆ ಹೋಗುತ್ತದೆ, ಕರೆ ಬರುತ್ತದೆ, ಟವರ್ ಕಡ್ಡಿಗಳು ತುಂಬಿರುತ್ತವೆ, ವಾಟ್ಸಾಪ್ ಮಾತ್ರ ಹೋಗುವುದಿಲ್ಲ.

ಗುರುತಿಸುವುದು ಹೇಗೆ?

ಮೊದಲು ವಾಟ್ಸಾಪ್‌ನಲ್ಲಿ ನೀವು ಕಳಿಸಿದ ಫೋಟೊದ ಕೆಳಮೂಲೆ ನೋಡಿ. ಅಲ್ಲಿ ಚಿಕ್ಕ ಗಡಿಯಾರದ ಗುರುತು ಇದ್ದರೆ ಅದು ಇನ್ನೂ ನಿಮ್ಮ ಫೋನಿನಲ್ಲೇ ಇದೆ, ಹೊರಟಿಲ್ಲ. ಒಂದು ಸರಿ ಗುರುತು ಇದ್ದರೆ ನಿಮ್ಮ ಫೋನಿನಿಂದ ಹೋಗಿದೆ, ಆದರೆ ವೈದ್ಯರ ಫೋನಿಗೆ ಇನ್ನೂ ತಲುಪಿಲ್ಲ. ಅವರ ಫೋನು ಆಫ್ ಆಗಿರಬಹುದು, ಅಥವಾ ಅವರಿರುವ ಕಡೆ ಟವರ್ ಇಲ್ಲದಿರಬಹುದು. ಎರಡು ಸರಿ ಗುರುತು ಬಂದರೆ ತಲುಪಿದೆ. ಅಂದರೆ ಗಡಿಯಾರ ಕಂಡರೆ ತೊಂದರೆ ನಿಮ್ಮ ಕಡೆ, ಒಂದು ಸರಿ ಗುರುತು ಕಂಡರೆ ತೊಂದರೆ ಆ ಕಡೆ. ಇಷ್ಟು ತಿಳಿದರೆ "ಕಳಿಸಿದ್ದೇನೆ" ಎಂದು ಸುಮ್ಮನೆ ಕಾಯುವುದು ತಪ್ಪುತ್ತದೆ.

ಗಡಿಯಾರ ಕಂಡರೆ ಮುಂದೆ ಪರದೆಯ ಮೇಲ್ತುದಿ ನೋಡಿ. ಅಲ್ಲಿ ಟವರ್ ಕಡ್ಡಿಗಳ ಎರಡು ಗುಂಪು ಇರುತ್ತದೆ. ಸಾಮಾನ್ಯವಾಗಿ ಮೊದಲನೆಯದು ಸಿಮ್ 1, ಎರಡನೆಯದು ಸಿಮ್ 2. ಬಹಳಷ್ಟು ಫೋನುಗಳಲ್ಲಿ ಡೇಟಾ ಇರುವ ಸಿಮ್‌ನ ಕಡ್ಡಿಗಳ ಬಳಿ 4G ಅಥವಾ 5G ಎಂದು ಇರುತ್ತದೆ, ನೆಟ್ ಓಡುವಾಗ ಮೇಲೆ-ಕೆಳಗೆ ಹೋಗುವ ಪುಟ್ಟ ಬಾಣಗಳು ಅಲ್ಲೇ ಕಾಣುತ್ತವೆ. VoLTE ಎಂದು ಬರೆದಿರುವುದನ್ನು ನೋಡಿ ಮೋಸಹೋಗಬೇಡಿ. ಅದು ಕರೆಗೆ ಸಂಬಂಧಿಸಿದ್ದು, ಎರಡೂ ಸಿಮ್‌ಗೆ ಕಾಣಿಸಬಹುದು.

ಒಂದು ಎಚ್ಚರಿಕೆ. ಮನೆಯಲ್ಲಿ ವೈಫೈ ಇದ್ದರೆ, ಅಥವಾ ಮಗನ ಫೋನಿನ ಹಾಟ್‌ಸ್ಪಾಟ್‌ಗೆ ನಿಮ್ಮ ಫೋನು ಸೇರಿಕೊಂಡಿದ್ದರೆ, ಡೇಟಾ ತಪ್ಪು ಸಿಮ್‌ನಲ್ಲಿರುವುದು ಎಷ್ಟೋ ದಿನ ಗೊತ್ತೇ ಆಗುವುದಿಲ್ಲ. ಮನೆಯೊಳಗೆ ವಾಟ್ಸಾಪ್ ಓಡುತ್ತದೆ, ಹಿತ್ತಲ ಕೊಟ್ಟಿಗೆಗೋ ಹೊಲಕ್ಕೋ ಹೋದರೆ ನಿಲ್ಲುತ್ತದೆ. "ಕೊಟ್ಟಿಗೇಲಿ ಟವರ್ ಇಲ್ಲ" ಎಂದು ನಾವು ಟವರಿನ ಮೇಲೆ ತಪ್ಪು ಹೊರಿಸುತ್ತೇವೆ. ಹಾಗಾಗಿ ಪರೀಕ್ಷೆ ಮಾಡುವಾಗ ವೈಫೈ ಆಫ್ ಮಾಡಿಯೇ ನೋಡಬೇಕು.

ಒಂದು ಸಂದರ್ಭ ನೋಡೋಣ

ಒಬ್ಬ ಅಕ್ಕನ ಬಳಿ ಮೂರನೇ ಸೂಲಿನ ಎಚ್‌ಎಫ್ ಮಿಶ್ರತಳಿ ಹಸು ಇದೆ ಎಂದುಕೊಳ್ಳಿ. ಸೋಮವಾರ ಸಂಜೆ ಕರು ಹಾಕಿತು. ಬುಧವಾರ ಬೆಳಗಿನ ಜಾವ 5 ಗಂಟೆಗೆ ಹಾಲು ಕರೆಯಲು ಹೋದರೆ ಹಸು ಏಳುತ್ತಿಲ್ಲ. ಕುತ್ತಿಗೆ ಪಕ್ಕೆಯ ಕಡೆ ತಿರುಗಿಸಿಕೊಂಡು ಮಲಗಿದೆ, ಕಿವಿ ತಣ್ಣಗಿದೆ, ಸಗಣಿ ಹಾಕಿಲ್ಲ. ಅಕ್ಕ ವಿಡಿಯೊ ಮಾಡಿ ವೈದ್ಯರಿಗೆ ವಾಟ್ಸಾಪ್ ಹಾಕಿ, ಉತ್ತರಕ್ಕೆ ಕಾದರು.

ಫೋನಿನಲ್ಲಿ ಎರಡು ಸಿಮ್. ಸಿಮ್ 1 ದಿನಬಳಕೆಯದು, ದಿನಕ್ಕೆ 1.5 ಜಿಬಿ ನೆಟ್ ಇದೆ, ವಾಟ್ಸಾಪ್ ಕೂಡ ಅದೇ ನಂಬರಿನಲ್ಲಿದೆ. ಸಿಮ್ 2 ಬ್ಯಾಂಕಿಗೆ ಕೊಟ್ಟ ಹಳೆಯ ನಂಬರು, ಅದಕ್ಕೆ ಕರೆ ಮತ್ತು ಮೆಸೇಜಿನ ಪ್ಯಾಕ್ ಮಾತ್ರ. ಹಿಂದಿನ ವಾರ ಫೋನು ನೀರಿನ ತೊಟ್ಟಿಗೆ ಬಿದ್ದಿತ್ತು. ಒಣಗಿಸಿ ಸಿಮ್ ಹಾಕುವಾಗ ಸಿಮ್ 1 ಸರಿಯಾಗಿ ಕೂರದೆ, ಅರ್ಧ ದಿನ ಸಿಮ್ 2 ಒಂದೇ ಇತ್ತು. ಡೇಟಾ ಅಲ್ಲಿಗೆ ಹೋದದ್ದು ಆಗ. ಆಮೇಲೆ ಮನೆಯ ವೈಫೈಯಲ್ಲಿ ವಾಟ್ಸಾಪ್ ಓಡುತ್ತಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಬುಧವಾರ ಬೆಳಿಗ್ಗೆ ಕರೆಂಟ್ ಇರಲಿಲ್ಲ, ವೈಫೈಯೂ ಇರಲಿಲ್ಲ.

ಏಳೂವರೆಗೆ ಡೇರಿಗೆ ಹಾಲು ಹಾಕಲು ಬಂದಾಗ ಅಕ್ಕ ಸಂಘದ ಕಾರ್ಯದರ್ಶಿಯವರಿಗೆ ಫೋನು ತೋರಿಸಿದರು. ವಿಡಿಯೊದ ಮೂಲೆಯಲ್ಲಿ ಗಡಿಯಾರ. ಮೇಲ್ತುದಿಯಲ್ಲಿ 4G ಎಂದಿದ್ದದ್ದು ಎರಡನೇ ಕಡ್ಡಿಗಳ ಬಳಿ. ಕಾರ್ಯದರ್ಶಿ ಡೇಟಾವನ್ನು ಸಿಮ್ 1ಕ್ಕೆ ಬದಲಿಸಿದ ಅರ್ಧ ನಿಮಿಷಕ್ಕೆ ಗಡಿಯಾರ ಹೋಗಿ ಸರಿ ಗುರುತು ಬಂತು. ಮತ್ತೊಮ್ಮೆ ಕಳಿಸಬೇಕಾಗಲಿಲ್ಲ. ನಿಂತಿದ್ದ ಮೆಸೇಜನ್ನು ನೆಟ್ ಬಂದ ಕೂಡಲೇ ವಾಟ್ಸಾಪ್ ತಾನೇ ಕಳಿಸುತ್ತದೆ.

ಇಲ್ಲಿ ಎರಡೂವರೆ ಗಂಟೆ ಹೋಯಿತು. ಹಸುವಿನ ಲಕ್ಷಣ ಹಾಲುಜ್ವರದ್ದು. ಹೆಸರು ಜ್ವರ ಎಂದಿದ್ದರೂ ಮೈ ಬಿಸಿಯಾಗುವ ಕಾಯಿಲೆಯಲ್ಲ. ಕರು ಹಾಕಿದ ಮೇಲೆ ಹಾಲಿಗೆ ಸುಣ್ಣದಂಶ ಹೆಚ್ಚಾಗಿ ಹೋಗಿ ರಕ್ತದಲ್ಲಿ ಅದು ಕುಸಿಯುವುದರಿಂದ ಬರುತ್ತದೆ. ವೈದ್ಯರು ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಬಹಳಷ್ಟು ಹಸುಗಳು ಬೇಗ ಎದ್ದು ನಿಲ್ಲುತ್ತವೆ. ತಡವಾದಷ್ಟೂ ಹಸು ಒಂದೇ ಮಗ್ಗುಲಿಗೆ ಬಿದ್ದು ಹೊಟ್ಟೆ ಉಬ್ಬರಿಸುವುದು, ಕಾಲಿನ ಸ್ನಾಯು ನಜ್ಜಾಗಿ ಆಮೇಲೆ ಕ್ಯಾಲ್ಸಿಯಂ ಕೊಟ್ಟರೂ ಏಳಲಾರದಂತಾಗುವುದು, ಕೊನೆಗೆ ಪ್ರಾಣವೇ ಹೋಗುವುದು, ಎಲ್ಲ ಅಪಾಯವೂ ಹೆಚ್ಚುತ್ತದೆ. ಹೋಗದೆ ನಿಂತ ಒಂದು ವಿಡಿಯೊದ ಬೆಲೆ ಇಷ್ಟು.

ಬದಲಿಸುವ ಕ್ರಮ

ಬದಲಿಸುವ ಮೊದಲು ಒಂದು ಪ್ರಶ್ನೆಗೆ ಉತ್ತರ ಗೊತ್ತಿರಬೇಕು: ನೆಟ್ ಪ್ಯಾಕ್ ಇರುವುದು ಯಾವ ನಂಬರಿನಲ್ಲಿ, ಆ ನಂಬರು ಸಿಮ್ 1ರಲ್ಲಿದೆಯೋ ಸಿಮ್ 2ರಲ್ಲಿದೆಯೋ. ಎರಡರಲ್ಲೂ ನೆಟ್ ಇದ್ದರೆ, ಕೊಟ್ಟಿಗೆಯಲ್ಲಿ ನಿಂತಾಗ ಯಾವುದಕ್ಕೆ ಟವರ್ ಚೆನ್ನಾಗಿ ಸಿಗುತ್ತದೋ ಅದನ್ನು ಆರಿಸಿ.

ಇನ್ನು ಕ್ರಮ. ವೈಫೈ ಆಫ್ ಮಾಡಿ. ಹಲ್ಲಿನ ಚಕ್ರದ ಗುರುತಿರುವ Settings ತೆರೆಯಿರಿ. ಫೋನು ಕನ್ನಡದಲ್ಲಿದ್ದರೆ ಅದು "ಸೆಟ್ಟಿಂಗ್‌ಗಳು" ಎಂದಿರುತ್ತದೆ. ಅದರಲ್ಲಿ Network & internet ಒತ್ತಿ, ನಂತರ SIMs ಒತ್ತಿ. ಎರಡೂ ಸಿಮ್‌ಗಳ ಹೆಸರು ಕಾಣುತ್ತದೆ. ನೆಟ್ ಪ್ಯಾಕ್ ಇರುವ ಸಿಮ್‌ನ ಹೆಸರನ್ನು ಒತ್ತಿ. ಅಲ್ಲಿ Mobile data ಎಂಬುದರ ಎದುರಿಗಿರುವ ಗುಂಡಿಯನ್ನು ಆನ್ ಮಾಡಿ. ಡೇಟಾವನ್ನು ಈ ಸಿಮ್‌ಗೆ ಬದಲಿಸಬೇಕೇ ಎಂದು ಫೋನು ಕೇಳಿದರೆ ಒಪ್ಪಿಗೆ ಕೊಡಿ. ಇನ್ನೊಂದು ಸಿಮ್‌ನ ಡೇಟಾವನ್ನು ನೀವು ಬೇರೆಯಾಗಿ ಆಫ್ ಮಾಡಬೇಕಾಗಿಲ್ಲ, ಒಂದು ಆನ್ ಆದರೆ ಇನ್ನೊಂದು ತಾನಾಗಿ ಬಿಡುತ್ತದೆ.

ಸ್ಯಾಮ್‌ಸಂಗ್ ಫೋನಿನಲ್ಲಿ ದಾರಿ ಸ್ವಲ್ಪ ಬೇರೆ. Settings, ನಂತರ Connections, ನಂತರ SIM manager. ಅದರಲ್ಲಿ Mobile data ಒತ್ತಿದರೆ ಎರಡು ಸಿಮ್ ತೋರಿಸುತ್ತದೆ, ಬೇಕಾದ್ದನ್ನು ಆರಿಸಿ. ಬೇರೆ ಕಂಪನಿಗಳ ಫೋನಿನಲ್ಲಿ ಈ ಹೆಸರುಗಳು ಹೆಚ್ಚು ಕಡಿಮೆ ಆಗುತ್ತವೆ, ಕೆಲವದರಲ್ಲಿ Mobile data ಬದಲು Internet ಎಂದಿರುತ್ತದೆ. ದಾರಿ ಸಿಗದಿದ್ದರೆ Settings ತೆರೆದ ಕೂಡಲೇ ಮೇಲೆ ಕಾಣುವ ಹುಡುಕುವ ಜಾಗದಲ್ಲಿ SIM ಎಂಬ ಮೂರು ಅಕ್ಷರ ಟೈಪ್ ಮಾಡಿ. ಸಿಮ್‌ಗೆ ಸಂಬಂಧಿಸಿದ ಪುಟಗಳನ್ನು ಅದೇ ತೋರಿಸುತ್ತದೆ.

ಬದಲಿಸಿದ ಮೇಲೆ ಅರ್ಧ ನಿಮಿಷ ಕಾಯಿರಿ. ಮೇಲ್ತುದಿಯ 4G ಅಥವಾ 5G ಗುರುತು ಈಗ ನೀವು ಆರಿಸಿದ ಸಿಮ್‌ನ ಕಡ್ಡಿಗಳ ಬಳಿ ಬರಬೇಕು. ಮನೆಯವರಿಗೇ ಒಂದು ಮೆಸೇಜ್ ಹಾಕಿ ನೋಡಿ, ಗಡಿಯಾರ ಹೋಗಿ ಸರಿ ಗುರುತು ಬಂದರೆ ಕೆಲಸ ಮುಗಿಯಿತು.

ಅಲ್ಲೇ ಇರುವಾಗ ಇನ್ನೊಂದು ಕೆಲಸ ಮಾಡಿಬಿಡಿ. ಎರಡೂ ಸಿಮ್ ಒಂದೇ ಕಂಪನಿಯದಾಗಿದ್ದರೆ ಪಟ್ಟಿಯಲ್ಲಿ ಎರಡಕ್ಕೂ ಒಂದೇ ಹೆಸರು ಕಂಡು ಗೊಂದಲವಾಗುತ್ತದೆ. ಸಿಮ್ ಪುಟದಲ್ಲಿ ಹೆಸರು ಬದಲಿಸಲು ಅವಕಾಶ ಇರುತ್ತದೆ. ಒಂದಕ್ಕೆ "ನೆಟ್" ಎಂದೂ ಇನ್ನೊಂದಕ್ಕೆ "ಬ್ಯಾಂಕ್" ಎಂದೂ ಹೆಸರಿಟ್ಟರೆ ಮುಂದೆ ಯಾರು ನೋಡಿದರೂ ತಿಳಿಯುತ್ತದೆ.

ಅದೇ ಜಾಗದಲ್ಲಿ ಡೇಟಾವನ್ನು ತಾನಾಗಿ ಬದಲಿಸುವ ಸೌಲಭ್ಯ ಕಾಣಬಹುದು. ಅದರ ಹೆಸರಿನಲ್ಲಿ Auto ಅಥವಾ Automatic ಮತ್ತು Switch ಎಂಬ ಪದಗಳು ಇರುತ್ತವೆ. ನಿಮ್ಮ ಎರಡೂ ಸಿಮ್‌ನಲ್ಲಿ ನೆಟ್ ಪ್ಯಾಕ್ ಇದ್ದರೆ ಅದು ಆನ್ ಇರಲಿ. ಒಂದರಲ್ಲಿ ಮಾತ್ರ ನೆಟ್ ಇದ್ದರೆ ಆಫ್ ಮಾಡಿ. ಇಲ್ಲದಿದ್ದರೆ ನೀವು ಸರಿ ಮಾಡಿದ್ದನ್ನು ಫೋನು ಮತ್ತೆ ಕೆಡಿಸಬಹುದು.

ವಾಟ್ಸಾಪ್ ನಂಬರು, ಬ್ಯಾಂಕಿನ ಮೆಸೇಜು ಏನಾಗುತ್ತದೆ?

ಬಹಳ ಜನ ಡೇಟಾ ಬದಲಿಸಲು ಹೆದರುವುದು ಇದಕ್ಕೇ. "ವಾಟ್ಸಾಪ್ ಹೋಗಿಬಿಟ್ರೆ? ಹಾಲಿನ ದುಡ್ಡು ಬಂದ ಮೆಸೇಜು ಬರ್ದೇ ಹೋದ್ರೆ?" ಹಾಗೇನೂ ಆಗುವುದಿಲ್ಲ.

ವಾಟ್ಸಾಪ್ ಯಾವ ನಂಬರಿನಲ್ಲಿ ತೆರೆದಿದ್ದೀರೋ ಅದೇ ನಂಬರಿನಲ್ಲಿ ಇರುತ್ತದೆ. ಅದಕ್ಕೆ ನೆಟ್ ಬೇಕು, ಆ ನೆಟ್ ಯಾವ ಸಿಮ್‌ನಿಂದ ಬಂದರೂ ನಡೆಯುತ್ತದೆ. ನಿಮ್ಮ ವಾಟ್ಸಾಪ್ ಸಿಮ್ 2ರ ನಂಬರಿನಲ್ಲಿದ್ದು, ಡೇಟಾ ಸಿಮ್ 1ರಿಂದ ಬಂದರೂ, ಎದುರಿನವರಿಗೆ ಸಿಮ್ 2ರ ನಂಬರೇ ಕಾಣುತ್ತದೆ. ಹಳೆಯ ಫೋಟೊ, ಮೆಸೇಜು, ಗ್ರೂಪು ಯಾವುದೂ ಹೋಗುವುದಿಲ್ಲ. ಡೇಟಾ ಸಿಮ್ ಬದಲಿಸಿದ ಮೇಲೆ "ನಂಬರ್ ಬದಲಿಸಿ" ಎಂದು ಯಾರಾದರೂ ಹೇಳಿದರೆ ಮಾಡಬೇಡಿ, ಅದರ ಅಗತ್ಯವಿಲ್ಲ.

ಬಟವಾಡೆ ಹಣ, ಸರ್ಕಾರದ ಪ್ರೋತ್ಸಾಹಧನ ಖಾತೆಗೆ ಜಮಾ ಆದಾಗ ಬ್ಯಾಂಕಿನಿಂದ ಬರುವ ಮೆಸೇಜು, ಒಟಿಪಿ, ಇವು ಬ್ಯಾಂಕಿಗೆ ಕೊಟ್ಟ ನಂಬರಿಗೆ ಬರುತ್ತವೆ. ಮಾಮೂಲಿ ಮೆಸೇಜಿಗೆ ನೆಟ್ ಬೇಡ. ಆ ಸಿಮ್ ಫೋನಿನಲ್ಲಿ ಆನ್ ಇದ್ದು, ಅದರ ಕರೆನ್ಸಿ ಅವಧಿ ಮುಗಿಯದೆ ಇದ್ದರೆ ಸಾಕು. ಫೋನ್‌ಪೇ, ಗೂಗಲ್ ಪೇ ಮುಂತಾದವುಗಳಲ್ಲಿ ಹಣ ಕಳಿಸುವುದಕ್ಕೂ ಯಾವ ಸಿಮ್‌ನ ನೆಟ್ ಆದರೂ ನಡೆಯುತ್ತದೆ. ಅವನ್ನು ಹೊಸದಾಗಿ ಹಾಕಿಕೊಳ್ಳುವಾಗ ಮಾತ್ರ ಬ್ಯಾಂಕಿಗೆ ಕೊಟ್ಟ ಸಿಮ್‌ನಿಂದ ಒಂದು ಮೆಸೇಜ್ ಹೋಗಬೇಕು, ಆಗ ಆ ಸಿಮ್‌ನಲ್ಲಿ ಮೆಸೇಜ್ ಕಳಿಸುವ ಪ್ಯಾಕ್ ಇರಬೇಕು.

ಇಲ್ಲಿ ಒಂದು ವ್ಯತ್ಯಾಸ ಗಮನದಲ್ಲಿಡಿ. ನಾವು ಬದಲಿಸುತ್ತಿರುವುದು ಡೇಟಾವನ್ನು ಮಾತ್ರ. ಸಿಮ್ ಅನ್ನೇ ಆಫ್ ಮಾಡುವ ಗುಂಡಿ ಕೂಡ ಅದೇ ಪುಟದಲ್ಲಿ ಇರುತ್ತದೆ. ಅದನ್ನು ಒತ್ತಿದರೆ ಆ ನಂಬರಿಗೆ ಕರೆ, ಮೆಸೇಜು ಎರಡೂ ನಿಲ್ಲುತ್ತವೆ. ಡೇಟಾ ಬದಲಿಸಿದ ಮೇಲೆ ಮೇಲ್ತುದಿಯಲ್ಲಿ ಎರಡೂ ಸಿಮ್‌ನ ಕಡ್ಡಿಗಳು ಕಾಣುತ್ತಿವೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಮಾತಾಡುತ್ತಿರುವಾಗ ಫೋಟೊ ಹೋಗದಿದ್ದರೆ

ಡೇಟಾ ಸರಿಯಾದ ಸಿಮ್‌ನಲ್ಲೇ ಇದ್ದರೂ ಒಂದು ಸಂದರ್ಭದಲ್ಲಿ ನೆಟ್ ನಿಲ್ಲುತ್ತದೆ. ವೈದ್ಯರ ಜೊತೆ ಮಾತಾಡುತ್ತಿದ್ದೀರಿ. "ಒಂದು ಫೋಟೊ ಹಾಕಮ್ಮ, ನೋಡ್ತೀನಿ" ಎನ್ನುತ್ತಾರೆ. ನೀವು ಕರೆ ಕಟ್ ಮಾಡದೆ ಫೋಟೊ ಹಾಕುತ್ತೀರಿ. ಇಬ್ಬರೂ ಕಾಯುತ್ತೀರಿ. ಫೋಟೊ ಹೋಗುವುದಿಲ್ಲ.

ಕಾರಣ ಇಷ್ಟೇ. ಕರೆ ಸಿಮ್ 2ರಲ್ಲಿ ನಡೆಯುತ್ತಿದೆ, ಡೇಟಾ ಸಿಮ್ 1ರಲ್ಲಿದೆ. ಬಹಳಷ್ಟು ಫೋನುಗಳು ಒಂದು ಸಿಮ್‌ನಲ್ಲಿ ಮಾತು ನಡೆಯುವಾಗ ಇನ್ನೊಂದು ಸಿಮ್‌ನ ನೆಟ್ ನಿಲ್ಲಿಸಿಬಿಡುತ್ತವೆ. ಕರೆ ಮುಗಿಯುವವರೆಗೂ ಗಡಿಯಾರವೇ ಇರುತ್ತದೆ. ಇದಕ್ಕೆ ಸೆಟ್ಟಿಂಗ್ ಮುಟ್ಟಬೇಕಾಗಿಲ್ಲ. ಕರೆ ಕಟ್ ಮಾಡಿ, ಎರಡು ಸರಿ ಗುರುತು ಬರುವವರೆಗೆ ಕಾಯಿರಿ, ಮತ್ತೆ ಕರೆ ಮಾಡಿ. ಅಥವಾ ಮೊದಲೇ ಡೇಟಾ ಇರುವ ಸಿಮ್‌ನಿಂದಲೇ ವೈದ್ಯರಿಗೆ ಕರೆ ಮಾಡಿ. ಆ ಸಿಮ್‌ನ ಕಡ್ಡಿಗಳ ಬಳಿ VoLTE ಎಂದಿದ್ದರೆ ಸಾಮಾನ್ಯವಾಗಿ ಮಾತು ಮತ್ತು ನೆಟ್ ಎರಡೂ ಒಟ್ಟಿಗೆ ನಡೆಯುತ್ತವೆ.

ಬದಲಿಸಿದರೂ ನೆಟ್ ಬರದಿದ್ದರೆ

ಆಗ ಕಾರಣ ಬೇರೆ ಇರುತ್ತದೆ. ಆ ದಿನದ ನೆಟ್ ಮುಗಿದಿರಬಹುದು. ದಿನದ ಲೆಕ್ಕದ ಪ್ಯಾಕುಗಳಲ್ಲಿ ಆ ದಿನದ ಪಾಲು ಮುಗಿದರೆ ನೆಟ್ ಪೂರ್ತಿ ನಿಲ್ಲುವುದಿಲ್ಲ, ತೀರಾ ನಿಧಾನವಾಗುತ್ತದೆ. ಬರೀ ಅಕ್ಷರದ ಮೆಸೇಜು ತಡವಾಗಿಯಾದರೂ ಹೋಗುತ್ತದೆ, ವಿಡಿಯೊ ಹೋಗುವುದಿಲ್ಲ. ಇದೇ ಅದರ ಗುರುತು. ಮಕ್ಕಳು ರಾತ್ರಿ ವಿಡಿಯೊ ನೋಡಿ ಮುಗಿಸಿದ್ದರೆ, ಹೊಸ ದಿನದ ಪಾಲು ಮಧ್ಯರಾತ್ರಿಯ ನಂತರ ಬರುತ್ತದೆ. ತಪ್ಪು ಸಿಮ್‌ನಲ್ಲಿ ಪ್ಯಾಕೇ ಇಲ್ಲದಿದ್ದರೆ ಅಕ್ಷರದ ಮೆಸೇಜು ಕೂಡ ಹೋಗುವುದಿಲ್ಲ. ಹೀಗೆ ಎರಡನ್ನೂ ಬೇರೆ ಮಾಡಿ ತಿಳಿಯಬಹುದು.

ದಿನದ ಪಾಲು ಮುಗಿದಿಲ್ಲ, ಡೇಟಾ ಸಿಮ್ ಸರಿಯಿದೆ, ಆದರೂ ಬರುತ್ತಿಲ್ಲ ಎಂದರೆ ವಿಮಾನದ ಗುರುತಿರುವ ಗುಂಡಿಯನ್ನು ಆನ್ ಮಾಡಿ, ಹತ್ತು ಎಣಿಸಿ, ಆಫ್ ಮಾಡಿ. ಫೋನು ಟವರನ್ನು ಹೊಸದಾಗಿ ಹುಡುಕಿಕೊಳ್ಳುತ್ತದೆ. ಅದಕ್ಕೂ ಆಗದಿದ್ದರೆ ಫೋನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ಆಮೇಲೂ ಬಾರದಿದ್ದರೆ ಕಂಪನಿಯ ಅಂಗಡಿಯಲ್ಲಿ ತೋರಿಸುವುದು ಸರಿ.

ಹಸು ಬಿದ್ದಾಗ ಮೊದಲು ಕರೆ, ನಂತರ ಫೋಟೊ

ಕರೆಗೆ ನೆಟ್ ಬೇಡ. ಡೇಟಾ ಯಾವ ಸಿಮ್‌ನಲ್ಲಿದ್ದರೂ, ಎರಡರಲ್ಲೂ ನೆಟ್ ಇಲ್ಲದಿದ್ದರೂ ಕರೆ ಹೋಗುತ್ತದೆ. ಮೇಲೆ ಹೇಳಿದ ಅಕ್ಕ 5 ಗಂಟೆಗೆ ವಿಡಿಯೊ ಹಾಕುವ ಬದಲು ಕರೆ ಮಾಡಿದ್ದರೆ, ಸಿಮ್ ತಪ್ಪಿದ್ದರೂ ಹಸುವಿಗೆ ತೊಂದರೆಯಾಗುತ್ತಿರಲಿಲ್ಲ. ಹಸು ಏಳದಿರುವುದು, ಹೊಟ್ಟೆ ಉಬ್ಬರ, ಕರು ಹಾಕಲು ತಿಣುಕುವುದು, ಗರ್ಭಕೋಶ ಹೊರಬಂದಿರುವುದು, ಹಾವು ಕಚ್ಚಿದ ಅನುಮಾನ, ಇವಕ್ಕೆ ಮೊದಲು ನಿಮ್ಮ ಒಕ್ಕೂಟದ ಪಶುವೈದ್ಯರಿಗೋ ಸರ್ಕಾರಿ ಪಶು ಆಸ್ಪತ್ರೆಗೋ ಕರೆ ಮಾಡಿ. ಪಶು ಸಂಚಾರಿ ಚಿಕಿತ್ಸಾಲಯದ ಸಹಾಯವಾಣಿ 1962. ಅದಕ್ಕೂ ನೆಟ್ ಬೇಡ. ಕರೆ ಮಾಡಿದ ಮೇಲೆ ಕೇಳಿದರೆ ಫೋಟೊ ಕಳಿಸಿ.

ಹಾಲುಜ್ವರದಲ್ಲಿ ವೈದ್ಯರು ಬರುವವರೆಗೆ ಹಸು ಒಂದೇ ಮಗ್ಗುಲಿಗೆ ಅಡ್ಡ ಬೀಳದಂತೆ, ಎದೆಯ ಮೇಲೆ ಕೂತ ಭಂಗಿಯಲ್ಲಿರುವಂತೆ, ಪಕ್ಕಕ್ಕೆ ಹುಲ್ಲು ತುಂಬಿದ ಚೀಲ ಒರಗಿಸಿ. ಬಾಯಿಗೆ ಔಷಧಿ, ಬೆಲ್ಲದ ನೀರು, ಯಾವುದನ್ನೂ ಗೊಟ್ಟದಲ್ಲಿ ಹುಯ್ಯಬೇಡಿ. ನುಂಗುವ ಶಕ್ತಿ ಕುಂದಿರುವುದರಿಂದ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಫೋನಿನ ಪರೀಕ್ಷೆಗೆ ಕಾಯಿಲೆ ಬರುವವರೆಗೆ ಕಾಯುವುದು ಬೇಡ. ತುಂಬು ಗಬ್ಬದ ಹಸು ನಿಮ್ಮಲ್ಲಿದ್ದರೆ, ದಿನ ಹತ್ತಿರ ಬಂದಾಗ ಒಂದು ಸಂಜೆ ವೈಫೈ ಆಫ್ ಮಾಡಿಕೊಂಡು ಕೊಟ್ಟಿಗೆಯೊಳಗೆ ನಿಂತು ಮನೆಯವರಿಗೆ ಒಂದು ಫೋಟೊ ಕಳಿಸಿ ನೋಡಿ. ಸರಿ ಗುರುತು ಬಂತೆಂದರೆ ಫೋನು ಸಿದ್ಧ. ಗಡಿಯಾರ ನಿಂತರೆ, ಏನು ಮಾಡಬೇಕೆಂದು ಈಗ ನಿಮಗೆ ಗೊತ್ತಿದೆ.

ಪಶುವೈದ್ಯಾಧಿಕಾರಿ